ಶವರ್ ಟ್ರೇಯ ಕೆಳಗೆ 92 ಮಿಲಿಮೀಟರ್

ಪುಣೆಯಿಂದ ಬಂದಿದ್ದ ಅತಿಥಿಗಳ ಬಟ್ಟೆಯ ಚೀಲ ಬಚ್ಚಲಿನ ಬಾಗಿಲ ಪಕ್ಕದಲ್ಲೇ ನೆನೆದು ಹೋಗಿತ್ತು. ಅವರು ಒಳ್ಳೆಯವರು, ಜಗಳ ಆಡಲಿಲ್ಲ. 'ಸ್ನಾನ ಮುಗಿಯುವುದರೊಳಗೆ ಟ್ರೇ ತುಂಬಿ ಹೊರಗೆ ಹರಿಯಿತು' ಎಂದು ಹೇಳಿ, ಚೀಲವನ್ನು ಮೆಟ್ಟಿಲ ಮೇಲೆ ಒಣಹಾಕಿದರು. ನಾನು ಮಾತ್ರ ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ. ಒಂದು ತಿಂಗಳ ಹಿಂದಷ್ಟೇ ಕಟ್ಟಿಸಿದ ಬಚ್ಚಲು ಅದು.

ನಮ್ಮ ಮನೆ ಕಾರವಾರದಲ್ಲಿ, ಕಡಲತೀರಕ್ಕೆ ನಡೆದು ಹೋಗುವಷ್ಟು ಹತ್ತಿರ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ, ಮೇಲಂತಸ್ತಿನ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುವ ಯೋಚನೆ ಮಾಡಿದೆ. ಅವುಗಳಲ್ಲಿ ಒಂದು, ಹಿಂದೆ ತೆಂಗಿನಕಾಯಿ ಸುರಿಯುತ್ತಿದ್ದ ಕೋಣೆ. ಅದರ ಒಂದು ಪಾಲನ್ನು ಗೋಡೆ ಹಾಕಿ ಬಚ್ಚಲು ಮಾಡಿದೆವು. ಮುಂದಿನ ಎಲ್ಲ ತೊಂದರೆಯ ಬೇರು ಇಲ್ಲಿದೆ. ಬಚ್ಚಲೆಂದೇ ಕಟ್ಟಿದ ಜಾಗದಲ್ಲಿ ಸ್ಲ್ಯಾಬನ್ನು ಮೊದಲೇ ಒಂದಡಿಯಷ್ಟು ತಗ್ಗಿಸಿ ಹಾಕಿರುತ್ತಾರೆ. ಪೈಪು, ಗಟಾರದ ವಾಸನೆ ತಡೆಯುವ ಟ್ರ್ಯಾಪು ಎಲ್ಲ ಆ ತಗ್ಗಿನಲ್ಲಿ ಮುಚ್ಚಿಹೋಗುತ್ತವೆ. ತೆಂಗಿನಕಾಯಿಗೆ ಯಾರು ತಗ್ಗು ಮಾಡುತ್ತಾರೆ? ನಮ್ಮಲ್ಲಿ ಸ್ಲ್ಯಾಬಿನ ಮೇಲ್ಮೈಯಿಂದ ಟೈಲ್ಸಿನ ಮೇಲ್ಮೈವರೆಗೆ ಇದ್ದದ್ದು ಬರೀ 75 ಮಿಲಿಮೀಟರ್.

ಮಗಳು ಮೊಬೈಲಿನಲ್ಲಿ ಚಿತ್ರ ತೋರಿಸಿ ಆರಿಸಿದ್ದು, ನಿಂತು ಸ್ನಾನ ಮಾಡಲು ತೆಳುವಾದ ಶವರ್ ಟ್ರೇ. ಮೂರಡಿ ಚೌಕ, ಅಂದರೆ 900 ಮಿ.ಮೀ. ಒಟ್ಟು ದಪ್ಪ 40 ಮಿ.ಮೀ. ಅಂಚಿನಿಂದ ಒಳಗಿನ ಆಳ 25 ಮಿ.ಮೀ. ನೋಡಲು ಬಾಳೆಲೆಯಂತೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಮಡಗಾಂವದ ಅಂಗಡಿಯಿಂದ ಟ್ರೇಯನ್ನೂ ಅದಕ್ಕೆ ಹೊಂದುವ ಟ್ರ್ಯಾಪನ್ನೂ ತರಿಸಿದೆವು. ಕೂರಿಸಿದ ಪ್ಲಂಬರ್ ಹೊರಗಿನವನು, ಎರಡು ದಿನದಲ್ಲಿ ಕೆಲಸ ಮುಗಿಸಿ ಹೋದ. ಮೇಲೊಂದು ಬಕೆಟ್ ನೀರು ಸುರಿದು, 'ನೋಡಿ, ಹೋಯಿತು' ಎಂದ. ನಾನೂ ನೋಡಿ ಹೂಂ ಎಂದೆ. ಮಕ್ಕಳಿಗೆ ಮೂವತ್ತು ವರ್ಷ 'ಉತ್ತರ ಬಂದರೆ ಸಾಲದು, ತಾಳೆ ನೋಡಿ' ಎಂದವಳು ನಾನೇ.

ಒಂದು ಬಕೆಟ್ ನೀರು ಹೋಗುವುದು ಪರೀಕ್ಷೆಯಲ್ಲ. ಹಳೆಯ ಬಚ್ಚಲಿನಲ್ಲಿ ಹಂಡೆಯಿಂದ ತಂಬಿಗೆಯಲ್ಲಿ ನೀರು ಮೊಗೆದು ಸುರಿದುಕೊಳ್ಳುತ್ತಿದ್ದೆವು. ಎರಡು ತಂಬಿಗೆಯ ನಡುವೆ ನೀರಿಗೆ ಹೋಗಲು ಸಮಯ ಸಿಗುತ್ತಿತ್ತು. ಗೋಡೆಯ ಬುಡದಲ್ಲಿ ಕೈ ತೂರುವಷ್ಟು ದೊಡ್ಡ ತೂತು, ಆಚೆಗೆ ಬಾಳೆಯ ಬುಡ. ಶವರ್ ಬಿಡುವು ಕೊಡುವುದಿಲ್ಲ. ಅದರಲ್ಲೂ ನಾವು ಹಾಕಿಸಿದ್ದು ಎಂಟು ಇಂಚಿನ ತಲೆಯ ಶವರ್, ಒತ್ತಡಕ್ಕೆ ಒಂದು ಸಣ್ಣ ಪಂಪು. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು: ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ, ನಿಮಿಷಕ್ಕೆ ಎಷ್ಟು ಲೀಟರ್ ಹೋಗುತ್ತದೆ.

ಬರುವುದನ್ನು ಅಳೆಯುವುದು ಸುಲಭ. 10 ಲೀಟರಿನ ಗುರುತಿರುವ ಬಕೆಟನ್ನು ಶವರಿನ ಕೆಳಗೆ ಎತ್ತಿ ಹಿಡಿದು, ಮೊಬೈಲಿನಲ್ಲಿ ಸೆಕೆಂಡು ನೋಡಿದೆ. 36 ಸೆಕೆಂಡು. ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ. 10 ಲೀಟರ್ ಭಾಗಿಸು 36, ಗುಣಿಸು 60, ನಿಮಿಷಕ್ಕೆ 16.7 ಲೀಟರ್. ಪಂಪು ಚಾಲೂ ಇರುವಾಗಲೇ ಅಳೆಯಬೇಕು, ಇಲ್ಲವಾದರೆ ಅರ್ಧ ಸುಳ್ಳು ಸಿಗುತ್ತದೆ.

ಹೋಗುವುದನ್ನು ಅಳೆಯುವಾಗ ಹಲವರು ಎಡವುತ್ತಾರೆ. ಟ್ರೇಯ ಬಾಯಿ ಮುಚ್ಚಿ ನೀರು ತುಂಬಿಸಿ, ಬಿಟ್ಟು, ಖಾಲಿಯಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿದರೆ ಸಿಗುವುದು ಸರಾಸರಿ ಮಾತ್ರ. ನೀರು ಇಳಿದಂತೆ ಒತ್ತುವ ಎತ್ತರವೂ ಇಳಿಯುತ್ತದೆ, ಹರಿವೂ ಮಂದವಾಗುತ್ತದೆ. ನಾನು ಬೇರೆ ದಾರಿ ಹಿಡಿದೆ. ಶವರನ್ನು ಪೂರ್ತಿ ಬಿಟ್ಟು, ಜಾಲರಿಯ ಪಕ್ಕದಲ್ಲಿ ಶಾಲೆಯ ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿದೆ. ನೀರಿನ ಮಟ್ಟ ಒಂದೆಡೆ ನಿಂತುಬಿಟ್ಟರೆ, ಬರುವಷ್ಟೂ ಹೋಗುತ್ತಿದೆ ಎಂದರ್ಥ. ನಿಲ್ಲದೆ ಏರುತ್ತಿದ್ದರೆ, ಏರಿದ ಎತ್ತರದಿಂದಲೇ ಎಷ್ಟು ನೀರು ಹಿಂದೆ ಉಳಿಯುತ್ತಿದೆ ಎಂದು ಲೆಕ್ಕ ಹಾಕಬಹುದು.

ನಮ್ಮದು ನಿಲ್ಲಲಿಲ್ಲ. ಎರಡು ನಿಮಿಷದಲ್ಲಿ 17 ಮಿ.ಮೀ. ಏರಿತು. ಟ್ರೇಯ ಒಳಗಿನ ತಳ ಸುಮಾರು 80 ಸೆಂಟಿಮೀಟರ್ ಚೌಕ, ಅಂದರೆ 0.64 ಚದರ ಮೀಟರ್. ಅದರ ಮೇಲೆ 17 ಮಿ.ಮೀ. ನೀರೆಂದರೆ 10.9 ಲೀಟರ್. ನಿಮಿಷಕ್ಕೆ ಸುಮಾರು 5.4 ಲೀಟರ್ ಉಳಿಯುತ್ತಿದೆ. ಹೋಗುತ್ತಿರುವುದು 11 ಲೀಟರಿನ ಆಸುಪಾಸು ಮಾತ್ರ. ತಳ ಇಳಿಜಾರಾಗಿರುವುದರಿಂದ ಇದು ಅಂದಾಜು, ಆದರೂ ಕಥೆ ಹೇಳಲು ಸಾಕು. 25 ಮಿ.ಮೀ. ಆಳ ತುಂಬಲು 16 ಲೀಟರ್ ಬೇಕು, ಅದು ಮೂರು ನಿಮಿಷದ ಕೆಲಸ. ನಾಲ್ಕನೆಯ ನಿಮಿಷಕ್ಕೆ ಅತಿಥಿಗಳ ಚೀಲ.

ಹಳೆಯ ಕಾಲದ ಆಳ ಟ್ರೇಗಳು ಈ ದೋಷವನ್ನು ಮುಚ್ಚಿಡುತ್ತಿದ್ದವು. ಒಂದು ಗೇಣು ಆಳದ ಟ್ರೇಯಲ್ಲಿ ಸ್ವಲ್ಪ ನೀರು ನಿಂತರೂ ಸ್ನಾನ ಮುಗಿಯುವವರೆಗೆ ತಡೆದುಕೊಳ್ಳುತ್ತದೆ. ತೆಳು ಟ್ರೇಗೆ ಆ ಹೊಟ್ಟೆ ಇಲ್ಲ. ಅದಕ್ಕೇ ಅದರಲ್ಲಿ 90 ಮಿ.ಮೀ. ಅಗಲದ ದೊಡ್ಡ ಬಾಯಿ ಇರುತ್ತದೆ. ಟ್ರ್ಯಾಪಿನ ಪೆಟ್ಟಿಗೆಯ ಮೇಲೆ 'ನಿಮಿಷಕ್ಕೆ 24 ಲೀಟರ್' ಎಂದೇ ಬರೆದಿತ್ತು. ಬರೆದದ್ದು 24, ಅಳೆದದ್ದು 11. ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ಸಣ್ಣಕ್ಷರ ಓದಿದಾಗ, ಜಾಲರಿಯ ಮೇಲೆ 15 ಮಿ.ಮೀ. ನೀರು ನಿಂತಾಗಿನ ಹರಿವು ಅದು ಎಂದು ತಿಳಿಯಿತು. ಆದರೆ ನಮ್ಮಲ್ಲಿ ನೀರು 17 ಮಿ.ಮೀ.ವರೆಗೆ ಏರಿದ ಮೇಲೂ ಅಷ್ಟು ಹೋಗಲಿಲ್ಲ. ಹಾಗಾದರೆ ತಪ್ಪು ಟ್ರ್ಯಾಪಿನದಲ್ಲ, ಅದರ ಆಚೆಯದು.

ಇಷ್ಟು ಗೊತ್ತಾದ ಮೇಲೂ ನಾನು ಕೂಡಲೇ ಒಡೆಸಲಿಲ್ಲ. ಸೀಸನ್ ನಡೆಯುತ್ತಿತ್ತು. ಶವರಿನ ಹಿಂದಿನ ವಾಲ್ವನ್ನು ಅರ್ಧ ತಿರುಗಿಸಿ, ಬರುವ ನೀರನ್ನೇ ನಿಮಿಷಕ್ಕೆ 10 ಲೀಟರಿಗೆ ಇಳಿಸಿದೆ. ಟ್ರೇ ತುಂಬುವುದು ನಿಂತಿತು, ಅತಿಥಿಗಳ ಗೊಣಗಾಟ ಶುರುವಾಯಿತು.

ಮೇ ತಿಂಗಳಲ್ಲಿ ಮಗಳ ಮನೆಗೆ ಹೋಗಿ ಮೂರು ವಾರ ಬಿಟ್ಟು ಬಂದೆ. ಆ ಕೋಣೆಯ ಬೀಗ ತೆಗೆದರೆ ಗಟಾರದ ವಾಸನೆ. ಬಚ್ಚಲಿನಲ್ಲಿ ಎರಡು ಜಿರಳೆ. ಈ ಸಲ ಹೊರಗಿನವನನ್ನು ಕರೆಯಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ಲಂಬಿಂಗ್ ಮಾಡುತ್ತಾನೆ. ತರಗತಿಯಲ್ಲಿ ಭಿನ್ನರಾಶಿ ಕಂಡರೆ ಕಿಟಕಿಯ ಹೊರಗೆ ನೋಡುತ್ತಿದ್ದ ಹುಡುಗ. ಅವನು ಬಂದವನೇ ಜಾಲರಿ ಎತ್ತಿ, ಒಳಗಿನ ಬಟ್ಟಲನ್ನು ಕೈಯಲ್ಲಿ ಹಿಡಿದು ತೋರಿಸಿದ. 'ಅಕ್ಕೋರೆ, ಒಳಗೆ ನೀರೇ ಇಲ್ಲ.'

ಈ ಬಗೆಯ ಟ್ರ್ಯಾಪಿನಲ್ಲಿ ಒಂದು ಬಟ್ಟಲು, ಅದರೊಳಗೆ ಇಳಿಬಿದ್ದ ಒಂದು ಕೊಳವೆ. ನೀರು ಕೊಳವೆಯಲ್ಲಿ ಇಳಿದು, ಅದರ ಕೆಳತುದಿಯನ್ನು ಸುತ್ತಿ, ಬಟ್ಟಲಿನಲ್ಲಿ ಮೇಲೇರಿ, ಅಂಚು ದಾಟಿ ಪೈಪಿಗೆ ಹೋಗುತ್ತದೆ. ಹರಿವು ನಿಂತ ಮೇಲೂ ಬಟ್ಟಲಿನಲ್ಲಿ ನೀರು ಉಳಿಯುತ್ತದೆ. ಕೊಳವೆಯ ಕೆಳತುದಿ ಆ ನೀರಿನಲ್ಲಿ ಎಷ್ಟು ಮುಳುಗಿದೆಯೋ ಅಷ್ಟು ಎತ್ತರದ ನೀರೇ ವಾಸನೆಗೆ ಬೀಗ. ಅದನ್ನು ಸೀಲ್ ಎನ್ನುತ್ತಾರೆ. ನಮ್ಮ ಬಚ್ಚಲ ನೆಲದಲ್ಲಿ ಹಾಕುವ ನಾನಿ ಟ್ರ್ಯಾಪಿನದೂ ಇದೇ ತತ್ವ, ಅದಕ್ಕೆ ಸಾಮಾನ್ಯವಾಗಿ 50 ಮಿ.ಮೀ. ಸೀಲ್ ಇರುತ್ತದೆ. ತೆಳು ಟ್ರೇಗೆಂದು ಅಂಗಡಿಯವರು ಕೊಟ್ಟ ಟ್ರ್ಯಾಪಿನ ಒಟ್ಟು ಎತ್ತರ 60 ಮಿ.ಮೀ. ಅಷ್ಟು ಗಿಡ್ಡಗಾಗಲು ಅದು ತ್ಯಾಗ ಮಾಡಿದ್ದು ಸೀಲನ್ನು. ಅಳೆದರೆ 20 ಮಿ.ಮೀ. ಮಾತ್ರ.

ಮೂರು ವಾರದಲ್ಲಿ 20 ಮಿ.ಮೀ. ನೀರು ಆರುತ್ತದೆಯೇ ಎಂಬ ಸಂಶಯ ನನಗಿತ್ತು. ಹುಡುಗ ಹೇಳಿದ, 'ಇಪ್ಪತ್ತು ಇತ್ತು ಎಂದು ನಿಮಗೆ ಹೇಗೆ ಗೊತ್ತು?' ಸರಿಯಾದ ಪ್ರಶ್ನೆ. ಹಿಡಿಸೂಡಿಯ ಒಂದು ಕಡ್ಡಿ ತೆಗೆದುಕೊಂಡೆವು. ಬಟ್ಟಲು ಕೂರಿಸಿ, ನೀರು ನಿಧಾನವಾಗಿ ಸುರಿದು ತುಂಬಿಸಿ, ಕಡ್ಡಿ ಅದ್ದಿ ನೀರಿನ ಮಟ್ಟಕ್ಕೆ ಗುರುತು ಹಾಕಿದೆವು. ಆಮೇಲೆ ಶವರನ್ನು ಪೂರ್ತಿ ಬಿಟ್ಟು, ಟ್ರೇ ಅರ್ಧ ತುಂಬಲು ಬಿಟ್ಟು ನಿಲ್ಲಿಸಿದೆವು. ಕೊನೆಯ ನೀರು ಹೋಗುವಾಗ ಗೊಳಗೊಳ ಎಂದು ದೊಡ್ಡ ಸದ್ದು ಬಂತು. ಮತ್ತೆ ಕಡ್ಡಿ ಅದ್ದಿದರೆ ಗುರುತಿಗಿಂತ 9 ಮಿ.ಮೀ. ಕೆಳಗೆ. ಪೈಪು ಬಾಯಿತುಂಬ ತುಂಬಿ ಹರಿದಾಗ, ಹೋಗುವ ನೀರು ಹಿಂದಿನ ನೀರನ್ನೂ ಎಳೆದುಕೊಂಡು ಹೋಗಿತ್ತು. ಆ ಗೊಳಗೊಳ ಸದ್ದೇ ಎಳೆತದ ಸಾಕ್ಷಿ. ಉಳಿದ 11 ಮಿ.ಮೀ. ಆರಲು ಮೇ ತಿಂಗಳ ಮುಚ್ಚಿದ ಕೋಣೆ ಸಾಕು.

ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗಸೂಚಿ ಶವರಿಗೆ 50 ಮಿ.ಮೀ. ಸೀಲ್ ಕೇಳುತ್ತದೆ; ನೀರು ನೇರವಾಗಿ ಹೊರಗಿನ ಗಲ್ಲಿ ಟ್ರ್ಯಾಪಿನ ಗುಂಡಿಗೆ ಬೀಳುವಲ್ಲಿ 38ರವರೆಗೆ ಇಳಿಸಲು ಒಪ್ಪುತ್ತದೆ. ಬಳಕೆಯಲ್ಲಿ ಎಷ್ಟೇ ಎಳೆತವಾದರೂ ಕೊನೆಗೆ 25 ಉಳಿಯಬೇಕು ಎನ್ನುತ್ತದೆ. ಹೊಸದಾಗಿದ್ದಾಗಲೇ 20 ಇರುವ ನಮ್ಮ ಟ್ರ್ಯಾಪು ಆ ಪರೀಕ್ಷೆಗೆ ಕೂರುವ ಯೋಗ್ಯತೆಯನ್ನೂ ಪಡೆದಿರಲಿಲ್ಲ. ದಿನವೂ ಸ್ನಾನ ನಡೆಯುವ ಮನೆಯಲ್ಲಿ ಅದು ಹೇಗೋ ನಡೆದೀತು. ತಿಂಗಳುಗಟ್ಟಲೆ ಮುಚ್ಚಿರುವ ಅತಿಥಿ ಕೋಣೆಗೆ ಅಲ್ಲ.

ಮರುದಿನ ಟ್ರೇ ಎತ್ತಿದರು. ಎತ್ತಲು ಹೆಚ್ಚು ಕಷ್ಟವಾಗಲಿಲ್ಲ, ಏಕೆಂದರೆ ಹಿಂದಿನವನು ಕೆಳಗೆ ಪೂರ್ತಿ ಗಾರೆ ಹಾಸದೆ, ಐದು ಕಡೆ ಉಂಡೆ ಇಟ್ಟು ಕೂರಿಸಿದ್ದ. ಹಾಗೆ ಕೂರಿಸಿದ ಟ್ರೇ ಕಾಲಿಟ್ಟಾಗ ಬಾಗುತ್ತದೆ, ಬಾಗಿದಾಗಲೆಲ್ಲ ಟ್ರ್ಯಾಪಿನ ಜೋಡಣೆ ಸಡಿಲವಾಗುತ್ತದೆ. ಅವನ ಆ ಸೋಮಾರಿತನದಿಂದ ನನಗಾದ ಒಂದೇ ಉಪಕಾರ, ಟ್ರೇ ಒಡೆಯದೆ ಬಂದದ್ದು.

ಕೆಳಗೆ ಕಂಡದ್ದು ಸುರುಳಿ ಪೈಪು, ಅಡುಗೆಮನೆಯ ಸಿಂಕಿನ ಕೆಳಗೆ ಹಾಕುವಂಥದ್ದು. ಹಿಗ್ಗಿಸಬಹುದು, ಬಗ್ಗಿಸಬಹುದು. ಟ್ರ್ಯಾಪಿನಿಂದ ಹೊರಟು, ಮೂಲೆಯ ಕಂಬವನ್ನು ಬಳಸಿ, ಗೋಡೆಯ ತೂತಿನವರೆಗೆ 1.3 ಮೀಟರ್ ಹಾವಿನಂತೆ ಮಲಗಿತ್ತು. ನಡುವೆ ಒಂದು ಕಡೆ ಗಾರೆಯ ಗಂಟಿನ ಮೇಲೆ ಏರಿ ಇಳಿದಿತ್ತು. ಕತ್ತರಿಸಿ ನೋಡಿದರೆ ಸುರುಳಿಯ ಒಂದೊಂದು ಮಡಿಕೆಯಲ್ಲೂ ಕಡಲ ಮರಳು ಮತ್ತು ಕೂದಲು. ಕಾರವಾರದ ಪ್ರವಾಸಿಗರು ಸ್ನಾನಕ್ಕೆ ಬರುವುದು ತೀರದಿಂದ ನೇರವಾಗಿ, ಕಾಲ ತುಂಬ ಮರಳಿನೊಂದಿಗೆ. ನಯವಾದ ಪೈಪಿನಲ್ಲಿ ಹೇಗೋ ಉರುಳಿ ಹೋಗುವ ಮರಳು ಇಂಥ ಮಡಿಕೆಗಳಲ್ಲಿ ಮನೆ ಮಾಡುತ್ತದೆ.

ಹಿಂದಿನವನು ಸುರುಳಿ ಪೈಪು ಏಕೆ ಹಾಕಿದ ಎಂದು ನನಗೆ ಸಿಟ್ಟು ಬಂದಿತ್ತು. ಹುಡುಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದು ತೋರಿಸಿದಾಗ ಕಾರಣ ತಿಳಿಯಿತು. 40 ಮಿ.ಮೀ. ಪೈಪಿಗೆ ಮೀಟರಿಗೆ ಕನಿಷ್ಠ 18 ಮಿ.ಮೀ. ಇಳಿಜಾರು ಬೇಕು. 1.3 ಮೀಟರಿಗೆ 23 ಮಿ.ಮೀ. ಗಿಡ್ಡ ಟ್ರ್ಯಾಪನ್ನು ಸ್ಲ್ಯಾಬಿನ ಮೇಲೆ ಇಟ್ಟರೆ, ಅದರ ಹೊರಬಾಯಿಯ ತಳ ಸ್ಲ್ಯಾಬಿನಿಂದ 18 ಮಿ.ಮೀ. ಮೇಲಿರುತ್ತದೆ. ಇರುವುದು 18, ಬೇಕಿರುವುದು 23. ಗಟ್ಟಿ ಪೈಪು ಹಾಕಿದ್ದರೆ ಗೋಡೆ ಮುಟ್ಟುವ ಮೊದಲೇ ಸ್ಲ್ಯಾಬಿಗೆ ಒರಗುತ್ತಿತ್ತು. 5 ಮಿಲಿಮೀಟರಿನ ಕೊರತೆಯನ್ನು ಅವನು ಬಾಗುವ ಪೈಪಿನಲ್ಲಿ ಬಚ್ಚಿಟ್ಟಿದ್ದ.

'ಸ್ಲ್ಯಾಬನ್ನೇ ಸ್ವಲ್ಪ ಕೆತ್ತಿದರೆ?' ಎಂದೆ. ಹುಡುಗ ನನ್ನನ್ನು ದಡ್ಡ ವಿದ್ಯಾರ್ಥಿಯಂತೆ ನೋಡಿದ. ಕಬ್ಬಿಣದ ಸರಳಿನ ಮೇಲಿರುವ ಕಾಂಕ್ರೀಟಿನ ಹೊದಿಕೆ ಬಹಳ ದಪ್ಪವಲ್ಲ. ಅದನ್ನು ಕೆತ್ತಿ ತೆಳುವಾಗಿಸಿದರೆ ಬಚ್ಚಲಿನ ತೇವ ಸರಳನ್ನು ಮುಟ್ಟುತ್ತದೆ, ಕಡಲ ಉಪ್ಪುಗಾಳಿ ಉಳಿದ ಕೆಲಸ ಮುಗಿಸುತ್ತದೆ. ನಮ್ಮೂರಿನ ಬಾಲ್ಕನಿಗಳ ಅಡಿಯಲ್ಲಿ ತುಕ್ಕು ಹಿಡಿದು ಉಬ್ಬಿದ ಸರಳುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೀರಿನ ಸೀಲ್ ಬೇಡದ ಟ್ರ್ಯಾಪೂ ಸಿಗುತ್ತದೆ. ನೀರು ಬಂದಾಗ ತೆರೆದು, ನಿಂತಾಗ ಮುಚ್ಚುವ ಸಿಲಿಕಾನ್ ಪೊರೆ ಇರುವಂಥದ್ದು. ಆದರೆ ಆ ಪೊರೆಯ ತುಟಿಗಳ ನಡುವೆ ಒಂದು ಕೂದಲು, ನಾಲ್ಕು ಕಾಳು ಮರಳು ಸಿಕ್ಕಿಕೊಂಡರೆ ಬಾಗಿಲು ತೆರೆದೇ ಉಳಿಯುತ್ತದೆ. ಮರಳಿನ ಊರಿಗೆ ಅದು ಬೇಡವೆಂದು ಇಬ್ಬರೂ ಒಪ್ಪಿದೆವು.

ಪರಿಹಾರ ಬಂದದ್ದು ಟ್ರೇಯನ್ನು ಸುತ್ತಲೂ ತಿರುಗಿಸಿ ನೋಡಿದಾಗ. ಅದರ ಬಾಯಿ ನಡುವೆ ಇಲ್ಲ, ಒಂದು ಅಂಚಿನಿಂದ 12 ಸೆಂಟಿಮೀಟರ್ ದೂರದಲ್ಲಿದೆ. ಹಿಂದೆ ಆ ಅಂಚು ಒಳಗೋಡೆಯ ಕಡೆಗಿತ್ತು. ಅರ್ಧ ಸುತ್ತು ತಿರುಗಿಸಿದರೆ ಬಾಯಿ ಹೊರಗೋಡೆಗೆ ತಾಗಿದಂತೆ ಬರುತ್ತದೆ. ಚಿರೇಕಲ್ಲಿನ ಗೋಡೆಯ ದಪ್ಪವೂ ಸೇರಿ ಹೊರಗಿನ 75 ಮಿ.ಮೀ. ಇಳಿಪೈಪಿಗೆ 45 ಸೆಂಟಿಮೀಟರ್ ಮಾತ್ರ. ಒಂದು ಬಾಗೂ ಇಲ್ಲ. ಬೇಕಾದ ಇಳಿಜಾರು 23ರಿಂದ 8 ಮಿ.ಮೀ.ಗೆ ಇಳಿಯಿತು. ಎತ್ತರ ಸಿಗದಾಗ ಎಲ್ಲರೂ ಎತ್ತರವನ್ನೇ ಹುಡುಕುತ್ತಾರೆ. ನಮಗೆ ಸಿಕ್ಕಿದ್ದು ಉದ್ದದಲ್ಲಿ.

ಇದರಿಂದ ಹರಿವಿನ ಸಮಸ್ಯೆ ಬಗೆಹರಿಯುತ್ತದೆ, ಸೀಲಿನದಲ್ಲ. 50 ಮಿ.ಮೀ. ಸೀಲ್ ಇರುವ ಟ್ರ್ಯಾಪು ಟ್ರೇಯ ತಳದಿಂದ ಕೆಳಗೆ 92 ಮಿ.ಮೀ. ಕೇಳುತ್ತದೆ. ಹಳೆಯ ಲೆಕ್ಕದಲ್ಲಿ ಟ್ರೇಯ ತಳ ಸ್ಲ್ಯಾಬಿನಿಂದ 62 ಮಿ.ಮೀ. ಮೇಲಿತ್ತು. ಅದಕ್ಕೆ ಟ್ರೇಯ 40 ಸೇರಿಸಿ, ನೆಲದ 75 ಕಳೆದರೆ, ಅಂಚು ಟೈಲ್ಸಿಗಿಂತ 27 ಮಿ.ಮೀ. ಎತ್ತರ. ಹೊಸ ಟ್ರ್ಯಾಪಿಗೆ ತಳವನ್ನು 94ಕ್ಕೆ ಏರಿಸಬೇಕು. ಆಗ ಅಂಚು 59 ಮಿ.ಮೀ. ಮಗಳು ಫೋನಿನಲ್ಲಿ, 'ಆಯಿ, ಹಾಗಾದರೆ ತೆಳು ಟ್ರೇ ತಂದದ್ದು ಯಾಕೆ?' ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಚಿತ್ರದಲ್ಲಿ ಟ್ರೇ ಮಾತ್ರ ಕಾಣುತ್ತದೆ, 40 ಮಿ.ಮೀ.ಯ ಟ್ರೇ ಎಂದು ಮಾರುವವರು ಅದರ ಕೆಳಗಿನ 92ನ್ನು ತೋರಿಸುವುದಿಲ್ಲ. ಗಾಲಿಕುರ್ಚಿ ಬರಬೇಕಾದ ಬಚ್ಚಲಾಗಿದ್ದರೆ ನಾನು ಬೇರೆ ತೀರ್ಮಾನ ಮಾಡುತ್ತಿದ್ದೆ. ಈ ಕೋಣೆಗೆ ಬರುವವರು ಎರಡಂತಸ್ತು ಮೆಟ್ಟಿಲು ಹತ್ತಿ ಬರುವವರು. 59 ಮಿ.ಮೀ. ನಮ್ಮ ಹಳೆಯ ಬಾಗಿಲ ಹೊಸ್ತಿಲಿಗಿಂತ ಕಡಿಮೆ. ಸೀಲನ್ನೇ ಆರಿಸಿಕೊಂಡೆ.

ಪೈಪು ತರಲು ಹೋದಾಗ ಒಂದು ಸಣ್ಣ ಗೊಂದಲವಾಯಿತು. 'ಒಂದೂವರೆ ಇಂಚು' ಎಂದು ಕೇಳಿದರೆ ನಮ್ಮ ಅಂಗಡಿಗಳಲ್ಲಿ 50 ಮಿ.ಮೀ. ಪಿವಿಸಿ ಕೊಡುತ್ತಾರೆ, 40 ಮಿ.ಮೀ. ಪೈಪಿಗೆ 'ಒಂದೂಕಾಲು' ಎನ್ನಬೇಕು. ಹುಡುಗ ಟ್ರ್ಯಾಪನ್ನೇ ಕೈಚೀಲದಲ್ಲಿ ಒಯ್ದು, ಅಂಗಡಿಯಲ್ಲೇ ಪೈಪನ್ನು ತೂರಿಸಿ ನೋಡಿ ತಂದ. ಇನ್ನೊಂದು ವಿಷಯ ಅವನಿಂದಲೇ ಕಲಿತೆ: ಟ್ರ್ಯಾಪು ಪಾಲಿಪ್ರೊಪಿಲೀನಿನದು, ಪಿವಿಸಿ ಅಂಟು ಅದಕ್ಕೆ ಹಿಡಿಯುವುದೇ ಇಲ್ಲ. ಹಚ್ಚಿದಾಗ ಹಿಡಿದಂತೆ ಕಾಣುತ್ತದೆ, ಆಮೇಲೆ ಬಿಟ್ಟುಕೊಳ್ಳುತ್ತದೆ. ಅಲ್ಲಿ ರಬ್ಬರ್ ಉಂಗುರ ಒತ್ತಿ ನಟ್ಟು ಬಿಗಿಯುವ ಜೋಡಣೆಯೇ ಆಗಬೇಕು. ಹಳೆಯ ಟ್ರ್ಯಾಪಿನ ಮೇಲೆ ಅಂಟಿನ ಕಲೆ ಇತ್ತು. ಹಿಂದಿನವನು ಅದನ್ನೂ ಪ್ರಯತ್ನಿಸಿದ್ದ.

ಕೂರಿಸುವ ಕೆಲಸ ಒಂದು ಪೂರ್ತಿ ದಿನ ಹಿಡಿಯಿತು. ಮೊದಲು ಟ್ರ್ಯಾಪು ಮತ್ತು ಪೈಪನ್ನು ಟ್ರೇ ಇಲ್ಲದೆ ಜೋಡಿಸಿ, ಸ್ಪಿರಿಟ್ ಲೆವೆಲ್ ಇಟ್ಟು ಇಳಿಜಾರು ನೋಡಿದ. ಹೊಸ ತೂತನ್ನು ಗೋಡೆಯಲ್ಲಿ ಮೊದಲಿಗಿಂತ ಮೇಲೆ ಕೊರೆದ, ಏಕೆಂದರೆ ಹೊಸ ಟ್ರ್ಯಾಪಿನ ಹೊರಬಾಯಿಯ ತಳ 45 ಮಿ.ಮೀ. ಎತ್ತರದಲ್ಲಿದೆ. ಇಳಿಪೈಪಿಗೆ ನೇರವಾಗಿ ಚುಚ್ಚದೆ, ಕೆಳಮುಖವಾಗಿ ಬಾಗಿದ ಕವಲಿನ ಮೂಲಕ ಸೇರಿಸಿದ. ಇಳಿಪೈಪಿನ ಮೇಲ್ತುದಿಯನ್ನು ಯಾರೋ ಹಕ್ಕಿ ಗೂಡು ಕಟ್ಟಬಾರದೆಂದು ಮುಚ್ಚಳ ಬಡಿದು ಮುಚ್ಚಿದ್ದರು. ಅದನ್ನು ತೆಗೆದು ಬಲೆ ಮುಚ್ಚಳ ಹಾಕಿದ. ಗಾಳಿ ಮೇಲಿನಿಂದ ಸಿಗದಿದ್ದರೆ ಪೈಪು ಅದನ್ನು ಟ್ರ್ಯಾಪಿನಿಂದ ಎಳೆಯುತ್ತದೆ. ಗೊಳಗೊಳ ಸದ್ದಿಗೆ ಇದೂ ಒಂದು ಕಾರಣ.

ಆಮೇಲೆ ಟ್ರೇಯನ್ನು ಎರಡು ಸ್ಟೂಲುಗಳ ಮೇಲಿಟ್ಟು ಟ್ರ್ಯಾಪು ಬಿಗಿದರು. ದಪ್ಪ ರಬ್ಬರ್ ಟ್ರೇಯ ಅಡಿಗೆ, ಮೇಲಿನ ಉಂಗುರಕ್ಕೆ ತೆಳು ವಾಷರ್. ಕೈಯಿಂದ ಬಿಗಿದು, ಕೊಟ್ಟ ಕೀಲಿಯಿಂದ ಕಾಲು ಸುತ್ತು. ಇನ್ನೂ ಬಿಗಿಯಲು ಹೋದರೆ ರಬ್ಬರ್ ಹಿಸುಕಿ ಒಂದು ಬದಿಗೆ ಜಾರುತ್ತದೆ, ಸೋರಿಕೆ ಶುರುವಾಗುವುದು ಅಲ್ಲಿಂದಲೇ. ಹೊರಬಾಯಿ ಮುಚ್ಚಿ, ಟ್ರೇಯಲ್ಲಿ ನೀರು ತುಂಬಿಸಿ, ಊಟ ಮುಗಿಸಿ ಬರುವವರೆಗೆ ಬಿಟ್ಟೆವು. ಕೆಳಗೆ ಹಾಸಿದ ಹಳೆಯ ಪತ್ರಿಕೆಯ ಮೇಲೆ ಒಂದು ಹನಿಯೂ ಇರಲಿಲ್ಲ. ಟ್ರೇ ಕೂತ ಮೇಲೆ ಆ ಜೋಡಣೆ ಮತ್ತೆ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಈ ಪರೀಕ್ಷೆಗೆ ಎರಡನೆಯ ಅವಕಾಶವಿಲ್ಲ. ಕೊನೆಗೆ ಟ್ರ್ಯಾಪಿನ ಸುತ್ತ ಅಂಗೈ ಅಗಲ ಜಾಗ ಬಿಟ್ಟು, ಉಳಿದ ಕಡೆ ಪೂರ್ತಿ ಗಾರೆ ಹಾಸಿ ಟ್ರೇ ಕೂರಿಸಿದರು. ಮೂರು ದಿನ ಯಾರೂ ಕಾಲಿಡಲಿಲ್ಲ.

ನಾಲ್ಕನೆಯ ದಿನ ಅಳತೆಪಟ್ಟಿ ಮತ್ತೆ ಹೊರಬಂತು. ಈ ಸಲ ವಾಲ್ವನ್ನು ಪೂರ್ತಿ ತೆರೆದು, ತಲೆಯ ಶವರ್ ಮತ್ತು ಕೈ ಶವರ್ ಎರಡನ್ನೂ ಒಟ್ಟಿಗೆ ಬಿಟ್ಟೆ. ಬಕೆಟು ತುಂಬಲು 27 ಸೆಕೆಂಡು, ನಿಮಿಷಕ್ಕೆ 22 ಲೀಟರ್. ಜಾಲರಿಯ ಪಕ್ಕದಲ್ಲಿ ನೀರು ಏರಿ, 8 ಮಿ.ಮೀ.ಗೆ ಬಂದು ನಿಂತಿತು. ಐದು ನಿಮಿಷ ಕಾದೆ, ಎಂಟೇ. ಬರುವಷ್ಟೂ ಹೋಗುತ್ತಿದೆ, ಮೇಲೆ ಇನ್ನೂ 17 ಮಿ.ಮೀ. ಖಾಲಿ ಇದೆ. ನಿಲ್ಲಿಸಿ ಕಡ್ಡಿ ಅದ್ದಿದೆ. 50ರಲ್ಲಿ 44 ಉಳಿದಿತ್ತು. ಸದ್ದೂ ಇರಲಿಲ್ಲ, ಇತ್ತೆಂದರೆ ಕೊನೆಯಲ್ಲಿ ಒಂದು ಸಣ್ಣ ಗುಟುಕು.

ಹುಡುಗ ಮಾತ್ರ ಒಪ್ಪಲಿಲ್ಲ. ಕೆಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ತೀರದ ಮರಳು ತಂದು, ಎರಡು ಹಿಡಿ ಟ್ರೇಗೆ ಹಾಕಿ ಶವರ್ ಬಿಟ್ಟ. ಸ್ವಲ್ಪ ಹೊತ್ತಿನಲ್ಲಿ ನೀರು 8ರಿಂದ 14ಕ್ಕೆ ಏರಿ ನಿಂತಿತು. ಜಾಲರಿ ಎತ್ತಿ ಬಟ್ಟಲು ಹೊರತೆಗೆದರೆ ಅರ್ಧದಷ್ಟು ಮರಳು ಅದರ ತಳದಲ್ಲೇ ಕೂತಿತ್ತು. ತೊಳೆದು ಇಟ್ಟ ಮೇಲೆ ಮತ್ತೆ 8. ಬಟ್ಟಲು ಮೇಲಿನಿಂದಲೇ ಎತ್ತಲು ಬರುವುದು ಈ ಬಗೆಯ ಟ್ರ್ಯಾಪಿನ ದೊಡ್ಡ ಅನುಕೂಲ. ಕೆಳಗಿನಿಂದ ಮಾತ್ರ ಬಿಚ್ಚುವಂಥದ್ದಾಗಿದ್ದರೆ ಪ್ರತಿ ಸಲ ಟ್ರೇ ಎತ್ತಬೇಕಿತ್ತು. ಈಗ ಪ್ರತಿ ಅತಿಥಿ ಹೋದ ಮೇಲೆ ಹಾಸಿಗೆ ಬದಲಿಸುವಾಗ ಆ ಬಟ್ಟಲನ್ನೂ ತೊಳೆಯುತ್ತೇವೆ. ಕೋಣೆ ಮುಚ್ಚಿರುವ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ತಂಬಿಗೆ ನೀರು.

ಎರಡನೆಯ ಕೋಣೆಯ ಬಚ್ಚಲು ಇನ್ನೂ ಆಗಬೇಕಿದೆ. ಮೊನ್ನೆ ಹುಡುಗ ಬಂದು, ಮೂಲೆಯಲ್ಲಿ ಒಂದು ಟೈಲು ಒಡೆದು, ಸ್ಲ್ಯಾಬಿನವರೆಗೆ ಸ್ಕೇಲು ಇಳಿಸಿ ನೋಡಿದ. 71. ಹೊರಗೋಡೆಗೆ ದೂರ ಅಳೆದ. ಎರಡೂ ಅಂಕೆಗಳನ್ನು ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಬರೆದು, ಕೆಳಗೆ 92 ಎಂದು ಬರೆದು ಅಡಿಗೆರೆ ಹಾಕಿದ. 'ಟ್ರೇ ಯಾವುದು ತರುವುದು?' ಎಂದು ಕೇಳಿದೆ. 'ಅದು ಕೊನೆಗೆ, ಅಕ್ಕೋರೆ' ಎಂದ.